ಜ್ವರ ಬಿಟ್ಟ ಮೇಲೆ ಕರೆಗೆ ಇಳಿಯುವ ಮುನ್ನ

ಜ್ವರ ಬಿಟ್ಟ ಎಷ್ಟು ದಿನಕ್ಕೆ ಓಡಬಹುದು? ವೇಣೂರು, ಮೂಡುಬಿದಿರೆ, ಬಂಟ್ವಾಳದ ಕಡೆ ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಮನೆಮನೆಯಲ್ಲೂ ಒಂದು ಸುತ್ತು ಜ್ವರ ಬಂದು ಹೋಗಿರುತ್ತದೆ. ಅದೇ ಹೊತ್ತಿಗೆ ಕೋಣಗಳ ಅಭ್ಯಾಸ ಶುರುವಾಗುತ್ತದೆ. ನವೆಂಬರ್ ಬಂತೆಂದರೆ ಕಂಬಳಗಳ ಸಾಲು, ಶಾಲೆ ಕಾಲೇಜುಗಳ ಕ್ರೀಡಾಕೂಟ, ರಾತ್ರಿಯ ವಾಲಿಬಾಲ್, ಕಬಡ್ಡಿ. ಯಕ್ಷಗಾನ ಮೇಳಗಳ ತಿರುಗಾಟವೂ ಆಗಲೇ ಹೊರಡುತ್ತದೆ. ಮೈಬಿಸಿ ಇಳಿದ ಮರುದಿನವೇ ಮೈದಾನಕ್ಕೆ ಹೋಗುವ ಹುಡುಗರಲ್ಲಿ ಬಹುಪಾಲು ಮಂದಿಗೆ ಏನೂ ಆಗುವುದಿಲ್ಲ. ಆದರೆ ಕೆಲವರಲ್ಲಿ ಜ್ವರ ಬಿಟ್ಟ ಮೇಲೂ ಹೃದಯದ ಮಾಂಸಖಂಡದಲ್ಲಿ ಉರಿಯೂತ ಉಳಿದಿರುತ್ತದೆ. ವೈದ್ಯರು ಅದನ್ನು ಮಯೊಕಾರ್ಡೈಟಿಸ್ ಎನ್ನುತ್ತಾರೆ. ಅಂಥವರು ಆ ದಿನಗಳಲ್ಲಿ ಓಡಬಾರದು. ಏಕೆ ಓಡಬಾರದು, ಎಷ್ಟು ದಿನ ಓಡಬಾರದು, ಮತ್ತೆ ಓಡಬಹುದು ಎಂದು ಯಾವುದರಿಂದ ನಿರ್ಧರಿಸುತ್ತಾರೆ ಎಂಬುದೇ ಈ ಲೇಖನದ ವಿಷಯ.

ಮೊದಲು ಇದನ್ನು ಹೃದಯಾಘಾತದಿಂದ ಬೇರೆ ಮಾಡಿಕೊಳ್ಳಬೇಕು. ಹೃದಯಾಘಾತದಲ್ಲಿ ಹೃದಯಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುತ್ತದೆ. ಮಯೊಕಾರ್ಡೈಟಿಸ್‌ನಲ್ಲಿ ರಕ್ತನಾಳಗಳು ಸ್ವಚ್ಛವಾಗಿದ್ದರೂ ಸ್ನಾಯುವೇ ಊದಿಕೊಂಡು ಕೆಂಡವಾಗಿರುತ್ತದೆ. ಹೊರಗಿನಿಂದ ಎರಡೂ ಒಂದೇ ತರಹ ಕಾಣಬಹುದು: ಎದೆನೋವು, ಇಸಿಜಿಯಲ್ಲಿ ಬದಲಾವಣೆ, ರಕ್ತದಲ್ಲಿ ಟ್ರೋಪೋನಿನ್ ಏರಿಕೆ. ಟ್ರೋಪೋನಿನ್ ಎಂದರೆ ಹೃದಯದ ಸ್ನಾಯುಕಣಗಳು ಘಾಸಿಗೊಂಡಾಗ ರಕ್ತಕ್ಕೆ ಸೋರುವ ಪ್ರೋಟೀನು. 2025ರಲ್ಲಿ ಹಾಸನದ ಹಠಾತ್ ಸಾವುಗಳ ಸುದ್ದಿ ಬಂದಾಗ ಈ ಎರಡು ಕಾಯಿಲೆಗಳೂ ಜನರ ಬಾಯಲ್ಲಿ ಒಂದೇ ಆಗಿ ಕಲಸಿಹೋಗಿದ್ದವು. ಇಪ್ಪತ್ತರ ಹರೆಯದ, ಸಕ್ಕರೆ ಕಾಯಿಲೆಯಾಗಲಿ ಬೀಡಿ ಸಿಗರೇಟಾಗಲಿ ಇಲ್ಲದ ಹುಡುಗನಿಗೆ ಜ್ವರದ ಬೆನ್ನಿಗೇ ಎದೆನೋವು ಬಂದರೆ ಮಯೊಕಾರ್ಡೈಟಿಸ್ ಎಂಬ ಅನುಮಾನ ಮೊದಲೇ ಬರಬೇಕು. ಆದರೆ ಮನೆಯಲ್ಲಿ ಕೂತು ಅದನ್ನು ನಿರ್ಧರಿಸಲಾಗದು.

ಕಾರಣಗಳಲ್ಲಿ ಮೊದಲ ಸ್ಥಾನ ವೈರಸ್‌ಗಳದ್ದು. ಕಾಕ್ಸಾಕಿ ಗುಂಪಿನ ಎಂಟೆರೊವೈರಸ್‌ಗಳು, ಅಡಿನೊವೈರಸ್, ಪಾರ್ವೊ ಬಿ19, ಇನ್‌ಫ್ಲುಯೆಂಜಾ, ಕೋವಿಡ್ ವೈರಸ್ ಇವೆಲ್ಲ ಆ ಪಟ್ಟಿಯಲ್ಲಿವೆ. ಗಂಟಲುನೋವು, ನೆಗಡಿ, ಮೈಕೈನೋವು, ಎರಡು ದಿನದ ಭೇದಿ ಇಷ್ಟಾಗಿ ಮುಗಿಯಬೇಕಾದ ಕಾಯಿಲೆ ಕೆಲವರಲ್ಲಿ ಹೃದಯವನ್ನು ಹೊಗುತ್ತದೆ. ನಂತರದ ಹಾನಿಯಲ್ಲಿ ವೈರಸ್ಸಿನ ಜತೆಗೆ, ಅದನ್ನು ಓಡಿಸಲು ಹೊರಟ ನಮ್ಮದೇ ರೋಗನಿರೋಧಕ ಕಣಗಳ ಪಾಲೂ ಇದೆ. ಆದ್ದರಿಂದಲೇ ಎದೆಯ ತೊಂದರೆ ಜ್ವರದ ಮೊದಲ ದಿನವಲ್ಲ, ಒಂದೆರಡು ವಾರ ಕಳೆದು ಕಾಣಿಸಿಕೊಳ್ಳುವುದು ಹೆಚ್ಚು.

ನಮ್ಮ ಜಿಲ್ಲೆಯಲ್ಲಿ ಈ ಪಟ್ಟಿಗೆ ಇನ್ನೆರಡು ಹೆಸರು ಸೇರಿಸಲೇಬೇಕು, ಡೆಂಗಿ ಮತ್ತು ಇಲಿ ಜ್ವರ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಲೆಕ್ಕದ ಮೇಲೆಯೇ ಎಲ್ಲರ ಕಣ್ಣಿರುತ್ತದೆ, ನಾಡಿ ತೀರಾ ನಿಧಾನವಾಗಿದ್ದರೆ ಅಥವಾ ಲಯ ತಪ್ಪಿದ್ದರೆ ಅದು ಗಮನಕ್ಕೆ ಬರುವುದೇ ಇಲ್ಲ. ಇಲಿ ಜ್ವರ ಗದ್ದೆ, ತೋಟದ ಕೆಸರು ನೀರಿನಲ್ಲಿ ನಿಂತವರಿಗೆ ಬರುವಂಥದ್ದು. ಕಾಲಿನ ಸಣ್ಣ ಗಾಯದಿಂದ ರೋಗಾಣು ಒಳಹೋಗುತ್ತದೆ, ಕಿಡ್ನಿ ಮತ್ತು ಯಕೃತ್ತಿನ ಜತೆ ಹೃದಯವನ್ನೂ ಹಿಡಿಯಬಹುದು. ಇದು ವೈರಸ್ ಅಲ್ಲ, ಬ್ಯಾಕ್ಟೀರಿಯಾ. ಬೇಗ ಗುರುತಿಸಿದರೆ ಡಾಕ್ಸಿಸೈಕ್ಲಿನ್, ಪೆನ್ಸಿಲಿನ್‌ನಂಥ ಔಷಧಿಗಳಿಗೆ ಬಗ್ಗುತ್ತದೆ. ಕಾಡಂಚಿನ ಪೊದೆಗಳಲ್ಲಿ ಸಣ್ಣ ಉಣುಗಿನಂಥ ಹುಳು ಕಚ್ಚಿ ಬರುವ ಸ್ಕ್ರಬ್ ಟೈಫಸ್ ಕೂಡ ಬೇಗ ಗುರುತಿಸಿದರೆ ಡಾಕ್ಸಿಸೈಕ್ಲಿನ್‌ಗೆ ಬಗ್ಗುತ್ತದೆ. ಹಾಗಾಗಿ ಜ್ವರ ನಾಲ್ಕನೇ ದಿನಕ್ಕೂ ಬಿಡದಿದ್ದರೆ ಯಾವ ಜ್ವರವೆಂದು ರಕ್ತಪರೀಕ್ಷೆ ಮಾಡಿಸುವುದು ಹೃದಯದ ದೃಷ್ಟಿಯಿಂದಲೂ ಮುಖ್ಯ.

ಉಳಿದ ಕಾರಣಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಲಸಿಕೆ ಹಾಕಿಸದ ಮಕ್ಕಳಲ್ಲಿ ಡಿಫ್ತೀರಿಯಾದ ವಿಷ ಹೃದಯವನ್ನು ಕೆಡಿಸುತ್ತದೆ. ಕೆಂಪು ಚೇಳಿನ ಕುಟುಕು, ಕೆಲವು ಔಷಧಿಗಳ ಅಲರ್ಜಿ, ಕ್ಯಾನ್ಸರಿಗೆ ಕೊಡುವ ಕೆಲವು ಹೊಸ ಇಮ್ಯುನೊಥೆರಪಿ ಔಷಧಿಗಳು, ಲೂಪಸ್‌ನಂಥ ಸ್ವಯಂನಿರೋಧಕ ಕಾಯಿಲೆಗಳು ಇನ್ನು ಕೆಲವು. ಕೋವಿಡ್ ಲಸಿಕೆಯ ಪ್ರಶ್ನೆ ಈಗಲೂ ಕೇಳಿಬರುತ್ತದೆ. ಎಂಆರ್‌ಎನ್‌ಎ ಬಗೆಯ ಲಸಿಕೆಗಳ ನಂತರ, ಅದರಲ್ಲೂ ಎರಡನೇ ಡೋಸ್ ಪಡೆದ ಒಂದು ವಾರದೊಳಗೆ, ಹರೆಯದ ಹುಡುಗರಲ್ಲಿ ಅಪರೂಪಕ್ಕೆ ಮಯೊಕಾರ್ಡೈಟಿಸ್ ಕಾಣಿಸಿದ್ದು ನಿಜ, ಹೆಚ್ಚಿನವು ಸೌಮ್ಯವಾಗಿದ್ದವು. ಆದರೆ ನಮ್ಮೂರಿನಲ್ಲಿ ಬಹುಪಾಲು ಜನ ಪಡೆದದ್ದು ಕೋವಿಶೀಲ್ಡ್ ಮತ್ತು ಕೋವ್ಯಾಕ್ಸಿನ್. ಎರಡೂ ಆ ಬಗೆಯವಲ್ಲ.

ಈಗ ಒಂದು ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ ನೋಡೋಣ. ಇದು ಯಾರೊಬ್ಬರ ಕಥೆಯೂ ಅಲ್ಲ, ಈ ಕಾಯಿಲೆ ಸಾಮಾನ್ಯವಾಗಿ ಸಾಗುವ ದಾರಿಯನ್ನು ತೋರಿಸಲು ಕಟ್ಟಿಕೊಂಡದ್ದು. ವೇಣೂರಿನ ಹತ್ತಿರದ ಇಪ್ಪತ್ತು ವರ್ಷದ ಹುಡುಗ, ಡಿಗ್ರಿ ಓದುತ್ತಾನೆ, ಕೋಣ ಓಡಿಸುತ್ತಾನೆ. ಅಕ್ಟೋಬರ್ ಕೊನೆಯಲ್ಲಿ ಮೂರು ದಿನ ಜ್ವರ, ಗಂಟಲುನೋವು. ಪ್ಯಾರಾಸಿಟಮಾಲ್‌ಗೆ ಇಳಿಯಿತು. ಏಳನೇ ದಿನ ಅಭ್ಯಾಸಕ್ಕೆ ಹೋದ. ಎರಡು ಓಟ ಸರಿ ಹೋಯಿತು, ಮೂರನೆಯದರಲ್ಲಿ ಕರೆಯ ನಡುವೆಯೇ ಉಸಿರು ಸಾಲದಾಯಿತು. ರಾತ್ರಿ ಮಲಗಿದರೆ ಎದೆಯ ನಡುವೆ ನೋವು, ಎದ್ದು ಮುಂದಕ್ಕೆ ಬಾಗಿ ಕೂತರೆ ಸ್ವಲ್ಪ ಹಗುರ.

ಇಲ್ಲಿ ಎರಡು ಸಾಮಾನ್ಯ ತಪ್ಪುಗಳಾಗುತ್ತವೆ. ಒಂದು, ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಮಲಗುವುದು. ಇನ್ನೊಂದು, ಮೈಕೈನೋವೆಂದು ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವುಮಾತ್ರೆ ನುಂಗುವುದು. ಈ ಗುಂಪಿನ ಮಾತ್ರೆಗಳು ಉರಿಯೂತಗೊಂಡ ಹೃದಯಕ್ಕೆ ಕೆಡುಕು ಮಾಡಬಹುದೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಡೆಂಗಿ ಇದ್ದರಂತೂ ರಕ್ತಸ್ರಾವದ ಭಯವಿದೆ. ವೈದ್ಯರು ಯೋಚಿಸಿ ಬರೆದರೆ ಬೇರೆ ಮಾತು, ನಾವೇ ಮೆಡಿಕಲಿನಿಂದ ತಂದು ನುಂಗಬಾರದು.

ಮರುದಿನ ಬೆಳಿಗ್ಗೆ ತಾಯಿ ಅವನ ನಾಡಿ ಎಣಿಸಿದರು ಎನ್ನಿ. ಜ್ವರ ಇಲ್ಲ, ಹಾಸಿಗೆಯಲ್ಲೇ ಇದ್ದಾನೆ, ಆದರೂ ನಿಮಿಷಕ್ಕೆ 112. ದಿನಾ ಓಡುವ ಹುಡುಗನ ವಿಶ್ರಾಂತಿಯ ನಾಡಿ ಸಾಮಾನ್ಯವಾಗಿ 60ರ ಆಸುಪಾಸು ಇರುತ್ತದೆ. ಜ್ವರವಿದ್ದಾಗ ಪ್ರತಿ ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿಕೆಗೆ ನಾಡಿ ಸುಮಾರು ಹತ್ತು ಬಡಿತ ಏರುವುದು ಸಹಜ. ಜ್ವರವಿಲ್ಲದೆಯೂ ಇಷ್ಟು ವೇಗವಿದ್ದರೆ, ಅಥವಾ ನಡುನಡುವೆ ಬಡಿತ ತಪ್ಪುತ್ತಿದ್ದರೆ ಅದಕ್ಕೆ ಕಾರಣ ಹುಡುಕಲೇಬೇಕು. ನನ್ನ ಮಟ್ಟಿಗೆ ಮನೆಯಲ್ಲಿ ಮಾಡಬಹುದಾದ ಅತಿ ಉಪಯುಕ್ತ ಪರೀಕ್ಷೆ ಇದೇ. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಬೇಕು. ಆರೋಗ್ಯವಾಗಿದ್ದಾಗಿನ ಲೆಕ್ಕವನ್ನು ಮೊದಲೇ ಬರೆದಿಟ್ಟುಕೊಂಡಿದ್ದರೆ ಹೋಲಿಸಿ ನೋಡುವುದು ಸುಲಭ.

ಎಲ್ಲರಿಗೂ ಎದೆನೋವೇ ಬರಬೇಕೆಂದಿಲ್ಲ. ಕೆಲವರಿಗೆ ಮೆಟ್ಟಿಲು ಹತ್ತಲಾಗದಷ್ಟು ಸುಸ್ತು, ಕೆಲವರಿಗೆ ಎದೆ ಡವಗುಟ್ಟುವುದು, ಕಾಲು ಊದುವುದು, ಕಣ್ಣು ಕತ್ತಲೆಗಟ್ಟಿ ಬೀಳುವುದು. ಸಣ್ಣ ಮಕ್ಕಳು ಎದೆ ನೋವೆಂದು ಹೇಳುವುದೇ ಇಲ್ಲ. ವಾಂತಿ ಮಾಡುತ್ತಾರೆ, ಹೊಟ್ಟೆನೋವೆನ್ನುತ್ತಾರೆ, ಬಿಳಿಚಿಕೊಂಡು ವೇಗವಾಗಿ ಉಸಿರಾಡುತ್ತಾರೆ. ಹೀಗೆ ವಾಂತಿ ಮಾಡುವ ಮಗುವಿನ ಕೈಕಾಲು ತಣ್ಣಗಾಗಿ, ಉಸಿರು ಏದುಸಿರಾಗಿದ್ದರೆ ಹೊಟ್ಟೆಯ ಔಷಧಿ ಕೊಟ್ಟು ಕಾಯಬಾರದು. ಇನ್ನು ಅಪರೂಪದ ಉಗ್ರ ರೂಪವೊಂದಿದೆ. ಒಂದೆರಡು ದಿನದಲ್ಲೇ ರಕ್ತದೊತ್ತಡ ಕುಸಿದು ರೋಗಿ ತೀವ್ರನಿಗಾ ಘಟಕ ಸೇರಬೇಕಾಗುತ್ತದೆ, ಕೆಲವೊಮ್ಮೆ ಹೃದಯದ ಕೆಲಸವನ್ನು ಯಂತ್ರಕ್ಕೆ ವಹಿಸಬೇಕಾಗುತ್ತದೆ. ಎದ್ದು ಕೂರುವಾಗ ತಲೆಸುತ್ತು, ತಣ್ಣನೆ ಬೆವರು, ಮೂತ್ರ ಕಡಿಮೆಯಾಗುವುದು ಇದರ ಮುನ್ಸೂಚನೆ. ಆಗ ಸಣ್ಣ ಆಸ್ಪತ್ರೆಯಲ್ಲಿ ರಾತ್ರಿ ಕಳೆಯದೆ ನೇರ ಮಂಗಳೂರಿಗೆ ಹೊರಡಬೇಕು.

ನಮ್ಮ ಹುಡುಗನನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ಇಸಿಜಿ ತೆಗೆಸುತ್ತಾರೆ. ಹತ್ತು ವರ್ಷದ ಹಿಂದೆ ಹಳ್ಳಿಯಲ್ಲಿ ಇದು ಸುಲಭವಿರಲಿಲ್ಲ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ಆರಂಭಿಸಿದ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಕರಾವಳಿ ಮಲೆನಾಡಿನ ಹಳ್ಳಿ ಆಸ್ಪತ್ರೆಗಳಿಗೆ ಇಸಿಜಿ ಯಂತ್ರ ಕೊಟ್ಟು, ಅಲ್ಲಿನ ವೈದ್ಯರು ವಾಟ್ಸಾಪಿನಲ್ಲಿ ಕಳಿಸಿದ ಇಸಿಜಿಯನ್ನು ತಜ್ಞರು ನೋಡುವ ಏರ್ಪಾಟು ಮಾಡಿತು. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೂ ಇಸಿಜಿ ತೆಗೆದು ತಜ್ಞರ ಸಲಹೆ ಪಡೆಯುವ ಸೌಲಭ್ಯ ಬಂದಿದೆ. ಹೀಗಾಗಿ ಐವತ್ತು ಕಿಲೋಮೀಟರ್ ಬಸ್ಸಿನಲ್ಲಿ ಹೋಗುವ ಮೊದಲೇ ಅನುಮಾನ ಗಟ್ಟಿಯಾಗಬಲ್ಲದು. ಒಂದು ಎಚ್ಚರಿಕೆ: ಇಸಿಜಿ ಸರಿಯಿದ್ದ ಮಾತ್ರಕ್ಕೆ ಮಯೊಕಾರ್ಡೈಟಿಸ್ ಇಲ್ಲವೆಂದಲ್ಲ. ಲಕ್ಷಣಗಳಿದ್ದರೆ ಟ್ರೋಪೋನಿನ್ ಪರೀಕ್ಷೆಯೂ ಆಗಬೇಕು. ವೈದ್ಯರಿಗೆ “ಹತ್ತು ದಿನದ ಹಿಂದೆ ಜ್ವರ ಬಂದಿತ್ತು” ಎನ್ನುವ ಮಾತನ್ನು ಕೇಳದಿದ್ದರೂ ಹೇಳಬೇಕು. ಗುಟ್ಟು ಬಿಡಿಸುವ ಮಾತು ಹೆಚ್ಚಾಗಿ ಅದೇ.

ಹುಡುಗನ ಇಸಿಜಿಯಲ್ಲಿ ಬದಲಾವಣೆ ಇತ್ತು, ಟ್ರೋಪೋನಿನ್ ಏರಿತ್ತು. ಮಂಗಳೂರಿನಲ್ಲಿ ಆಂಜಿಯೊಗ್ರಾಂ ಮಾಡಿದಾಗ ರಕ್ತನಾಳಗಳು ಸ್ವಚ್ಛ. ಎಕೊದಲ್ಲಿ ಹೃದಯ ಪ್ರತಿ ಬಡಿತಕ್ಕೆ ಹೊರದೂಡುವ ರಕ್ತದ ಪ್ರಮಾಣ ಶೇ 48. ಶೇ 55ರ ಮೇಲಿದ್ದರೆ ಸಹಜ. ನಂತರ ಹೃದಯದ ಎಂಆರ್‌ಐ. ಸ್ನಾಯುವಿನಲ್ಲಿ ನೀರು ತುಂಬಿದ ಊತ ಮತ್ತು ಗಾಯದ ಗುರುತನ್ನು ಚಿತ್ರದಲ್ಲಿ ತೋರಿಸುವ ಪರೀಕ್ಷೆ ಇದು. ಹೃದಯಾಘಾತದ ಕಲೆ ಗೋಡೆಯ ಒಳಪದರದಿಂದ ಶುರುವಾಗುತ್ತದೆ, ಮಯೊಕಾರ್ಡೈಟಿಸ್‌ನ ಕಲೆ ಸಾಮಾನ್ಯವಾಗಿ ಹೊರಪದರದಲ್ಲಿ, ಹೆಚ್ಚಾಗಿ ಎಡ ಪಕ್ಕದ ಗೋಡೆಯಲ್ಲಿರುತ್ತದೆ. ಇವನಿಗೂ ಅಲ್ಲೇ ಇತ್ತು. ಸ್ನಾಯುವಿನ ಚೂರು ತೆಗೆದು ನೋಡುವ ಬಯಾಪ್ಸಿಯೇ ಅಂತಿಮ ಪ್ರಮಾಣವಾದರೂ ಉಗ್ರ ರೂಪದಲ್ಲಿ, ಚಿಕಿತ್ಸೆಗೆ ಬಗ್ಗದಿದ್ದಾಗ ಮಾತ್ರ ಅದಕ್ಕೆ ಕೈಹಾಕುತ್ತಾರೆ.

ಐದು ದಿನ ಮಾನಿಟರಿನಲ್ಲಿಟ್ಟು ನೋಡಿ, ಹೃದಯದ ಭಾರ ಇಳಿಸುವ ಮಾತ್ರೆ ಬರೆದು ಮನೆಗೆ ಕಳಿಸಿದರು. ಹೊರಡುವಾಗ ತಾಯಿ ಕೇಳುತ್ತಾರೆ, “ಡಾಕ್ಟ್ರೇ, ನೋವು ಹೋಗಿದೆಯಲ್ಲ, ಡಿಸೆಂಬರಿಗೆ ಓಡಿಸಬಹುದಾ?” ಉತ್ತರ, “ಈ ಸೀಸನ್ ಪೂರ್ತಿ ಬಿಡಿ ಅಮ್ಮ.”

ಹುಡುಗನಿಗೆ ಇದು ಶಿಕ್ಷೆಯಂತೆ ಕೇಳುತ್ತದೆ. ಕಾರಣ ತಿಳಿಯದೆ ಇದ್ದರೆ ಒಂದು ತಿಂಗಳಲ್ಲಿ ಕದ್ದು ಓಡುತ್ತಾನೆ ಕೂಡ. ಹಾಗಾಗಿ ಕಾರಣ ಬಿಡಿಸಿ ಹೇಳಬೇಕು.

ಮೊದಲ ಕಾರಣ ವೈರಸ್ಸಿಗೆ ಸಂಬಂಧಿಸಿದ್ದು. 1970ರಲ್ಲಿ ಅಮೆರಿಕದ ಸಂಶೋಧಕರು ಕಾಕ್ಸಾಕಿ ವೈರಸ್ ತಗಲಿದ ಇಲಿಮರಿಗಳನ್ನು ನೀರಿನಲ್ಲಿ ಬಲವಂತವಾಗಿ ಈಜಿಸಿದರು. ವಿಶ್ರಾಂತಿಯಲ್ಲಿದ್ದ ಇಲಿಗಳಿಗೆ ಹೋಲಿಸಿದರೆ ಈಜಿದವುಗಳ ಹೃದಯದಲ್ಲಿ ವೈರಸ್ ಐನೂರಕ್ಕೂ ಹೆಚ್ಚು ಪಟ್ಟು ಬೆಳೆದಿತ್ತು, ಸತ್ತವೂ ಹೆಚ್ಚು. ಮನುಷ್ಯರ ಮೇಲೆ ಇಂಥ ಪ್ರಯೋಗ ಯಾರೂ ಮಾಡಲಾರರು. ಆದರೆ ಸೋಂಕು ಹಸಿಯಾಗಿರುವಾಗ ಮೈದಣಿಸಿದರೆ ಹಾನಿ ಹೆಚ್ಚುತ್ತದೆ ಎಂಬ ಎಚ್ಚರ ಅಲ್ಲಿಂದ ಬಂತು.

ಎರಡನೆಯದು ಇನ್ನೂ ಮುಖ್ಯ, ಹೃದಯದ ವಿದ್ಯುತ್ತಿಗೆ ಸಂಬಂಧಿಸಿದ್ದು. ಪ್ರತಿ ಬಡಿತದಲ್ಲೂ ಒಂದು ವಿದ್ಯುತ್ ಅಲೆ ಸ್ನಾಯುವಿನುದ್ದ ಸಮನಾಗಿ ಹರಿಯುತ್ತದೆ. ಊದಿದ, ಕಲೆಯಾದ ಜಾಗ ಬಂದರೆ ಫಲ್ಗುಣಿ ಹೊಳೆಯಲ್ಲಿ ಬಂಡೆಗೆ ಬಡಿದ ನೀರು ಸುಳಿ ಕಟ್ಟುವಂತೆ ಅಲೆ ಅಲ್ಲೇ ಸುತ್ತತೊಡಗುತ್ತದೆ. ಸುತ್ತು ನಿಲ್ಲದಿದ್ದರೆ ಹೃದಯ ಬಡಿಯುವುದನ್ನು ಬಿಟ್ಟು ಬರೀ ನಡುಗುತ್ತದೆ, ಕೆಲವೇ ಸೆಕೆಂಡಿನಲ್ಲಿ ಮನುಷ್ಯ ಬೀಳುತ್ತಾನೆ. ಸುಮ್ಮನೆ ಕೂತಾಗ ಅಷ್ಟಾಗಿ ಹುಟ್ಟದ ಈ ಸುಳಿ ಅಡ್ರಿನಲಿನ್ ಏರಿದಾಗ, ನಾಡಿ 180ರ ಮೇಲೆ ಹೋದಾಗ ಹುಟ್ಟಬಹುದು. ಕಂಬಳದ ಓಟ ಅಂಥದ್ದೇ. 2020ರಲ್ಲಿ ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು ಐಕಳದಲ್ಲಿ 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದ್ದು ದೇಶಕ್ಕೆಲ್ಲ ಸುದ್ದಿಯಾಗಿತ್ತು. ಕೆಸರು ನೀರಿನಲ್ಲಿ ಆ ವೇಗವೆಂದರೆ ಹೃದಯ ತನ್ನ ತುತ್ತತುದಿಯಲ್ಲಿ ದುಡಿಯುತ್ತಿರುತ್ತದೆ. ವೇಣೂರು ಪೆರ್ಮುಡದಂಥ ಜೋಡುಕರೆ ಕಂಬಳದಲ್ಲಿ ಹಗಲು ರಾತ್ರಿ ನಿದ್ದೆಗೆಟ್ಟು, ಸುತ್ತಿನ ಮೇಲೆ ಸುತ್ತು ಹೀಗೆ ಓಡಬೇಕು. ಅಷ್ಟೇ ಅಲ್ಲ, ಹೃದಯದಲ್ಲಿ ನೋವಿಲ್ಲದೆಯೂ ಈ ಸುಳಿ ಹುಟ್ಟಬಹುದು. ಆದ್ದರಿಂದ “ನನಗೆ ಏನೂ ಅನಿಸುತ್ತಿಲ್ಲ” ಎನ್ನುವುದು ಮೈದಾನಕ್ಕೆ ಪರವಾನಗಿಯಲ್ಲ.

ಸ್ವೀಡನ್ನಿನಲ್ಲಿ ನಡೆದದ್ದು ಇದಕ್ಕೆ ದೊಡ್ಡ ಸಾಕ್ಷಿ. ಅಲ್ಲಿ ನಕ್ಷೆ, ದಿಕ್ಸೂಚಿ ಹಿಡಿದು ಕಾಡಿನಲ್ಲಿ ಓಡುವ ಓರಿಯೆಂಟಿಯರಿಂಗ್ ಜನಪ್ರಿಯ ಆಟ. 1979ರಿಂದ 1992ರವರೆಗೆ ಆ ಆಟದ 16 ಎಳೆಯ ಓಟಗಾರರು ಇದ್ದಕ್ಕಿದ್ದಂತೆ ಸತ್ತರು. ಶವಪರೀಕ್ಷೆಯಲ್ಲಿ ಬಹುಪಾಲು ಮಂದಿಯ ಹೃದಯದಲ್ಲಿ ಉರಿಯೂತದ ಗುರುತು ಸಿಕ್ಕಿತು. 1992ರ ಕೊನೆಯಲ್ಲಿ ಕ್ರೀಡಾ ಒಕ್ಕೂಟ ಉನ್ನತ ಮಟ್ಟದ ತರಬೇತಿ, ಸ್ಪರ್ಧೆಗಳನ್ನು ಸುಮಾರು ಆರು ತಿಂಗಳು ನಿಲ್ಲಿಸಿತು. ಸೋಂಕಿದ್ದಾಗ ಓಡಬಾರದೆಂದು ಓಟಗಾರರಿಗೆ ಕಲಿಸಿತು. ಆ ಸಾವಿನ ಸಾಲು ಅಲ್ಲಿಗೆ ನಿಂತಿತು. ಕಾರಣ ಇಂಥದ್ದೇ ಎಂದು ಕೊನೆಗೂ ಖಚಿತವಾಗಲಿಲ್ಲ ನಿಜ. ಆದರೂ ಒಂದು ಇಡೀ ಆಟವನ್ನೇ ನಿಲ್ಲಿಸುವ ಧೈರ್ಯ ತೋರಿದ ಆ ಒಕ್ಕೂಟವನ್ನು ನಾನು ಮೆಚ್ಚುತ್ತೇನೆ.

ಎಷ್ಟು ದಿನ ಎನ್ನುವುದಕ್ಕೆ ಬಹುಕಾಲ ಇದ್ದ ನಿಯಮ ಮೂರರಿಂದ ಆರು ತಿಂಗಳು. ಬೇಯರ್ನ್ ಮ್ಯೂನಿಕ್ ತಂಡದ ಅಲ್ಫೊನ್ಸೊ ಡೇವಿಸ್ ಕೋವಿಡ್ ನಂತರದ ಸೌಮ್ಯ ಮಯೊಕಾರ್ಡೈಟಿಸ್‌ನಿಂದ 2022ರ ಜನವರಿಯಲ್ಲಿ ನಿಂತು ಏಪ್ರಿಲಿನಲ್ಲಿ ಮರಳಿದರು. 2025ರ ಯುರೋಪಿನ ಮಾರ್ಗಸೂಚಿ ಇದನ್ನು ಸಡಿಲಿಸಿದೆ: ಕನಿಷ್ಠ ಒಂದು ತಿಂಗಳು, ಆಮೇಲೆ ಒಬ್ಬೊಬ್ಬರ ಪರೀಕ್ಷೆ ನೋಡಿ ತೀರ್ಮಾನ. ಕಲೆಯೇ ಇಲ್ಲದೆ ಬೇಗ ವಾಸಿಯಾದವರಿಗೆ ಇದು ಒಳ್ಳೆಯ ಸುದ್ದಿ. ಆದರೆ ಎಂಆರ್‌ಐ ಮತ್ತೆ ಮಾಡಿಸುವುದು ಕಷ್ಟವಿರುವ ನಮ್ಮ ಊರುಗಳಲ್ಲಿ ಮೂರು ತಿಂಗಳಿಗಿಂತ ಮೊದಲು ಸ್ಪರ್ಧೆಗೆ ಇಳಿಯದಿರುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಬಿಡುವೆಂದರೆ ಹಾಸಿಗೆ ಹಿಡಿಯುವುದಲ್ಲ. ಕಾಲೇಜಿಗೆ ಹೋಗಬಹುದು, ಸಮತಟ್ಟಿನಲ್ಲಿ ಮಾತಾಡುತ್ತಾ ನಡೆಯಬಹುದು. ಓಟ, ಜಿಮ್, ವಾಲಿಬಾಲ್ ಬೇಡ. ನಮ್ಮಲ್ಲಿ ಆಟವೆಂದು ಕರೆಯದ ಶ್ರಮಗಳೂ ಇವೆ: ಅಡಿಕೆ ಮರ ಹತ್ತಿ ಮದ್ದು ಬಿಡುವುದು, ಗೊಬ್ಬರದ ಮೂಟೆ ಹೊರುವುದು, ಯಕ್ಷಗಾನದ ದಿಗಿಣ. ಹೃದಯಕ್ಕೆ ಇವೆಲ್ಲ ಒಂದೇ ಲೆಕ್ಕ. ಮರದ ತುದಿಯಲ್ಲಿ ತಲೆಸುತ್ತಿದರೆ ಬೀಳುವ ಅಪಾಯ ಬೇರೆ. ಆ ತಿಂಗಳುಗಳಲ್ಲಿ ಮದ್ಯವೂ ಬೇಡ.

ನಮ್ಮ ಹುಡುಗನ ಲೆಕ್ಕ ಹೀಗೆ ಸಾಗಿತು. ಒಂದು ತಿಂಗಳಿಗೆ ಟ್ರೋಪೋನಿನ್ ಸಹಜ, ಎಕೊದಲ್ಲಿ ಶೇ 56. ಮನೆಯವರೆಲ್ಲ ವಾಸಿಯಾಯಿತೆಂದರು. ಇಲ್ಲೇ ಹೆಚ್ಚಿನವರು ಎಡವುವುದು. ಎಕೊ ಹೇಳುವುದು ಹೃದಯದ ಬಲವನ್ನು ಮಾತ್ರ, ವಿದ್ಯುತ್ತಿನ ಸ್ಥಿತಿಯನ್ನಲ್ಲ. ಮೂರನೇ ತಿಂಗಳಲ್ಲಿ 24 ಗಂಟೆಯ ಹೋಲ್ಟರ್ ಕಟ್ಟಿದರು, ಅಂದರೆ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಾಡುವ ಇಸಿಜಿ. ಅದರಲ್ಲಿ ಹೃದಯದ ಕೆಳಕೋಣೆಯಿಂದ ಸಾಲಾಗಿ ನಾಲ್ಕು ತಪ್ಪು ಬಡಿತಗಳು ಸಿಕ್ಕವು. ಅವನಿಗೆ ಅದರ ಅರಿವೇ ಆಗಿರಲಿಲ್ಲ. ಮತ್ತೆ ಮೂರು ತಿಂಗಳು ಮುಂದಕ್ಕೆ ಹೋಯಿತು. ಆರನೇ ತಿಂಗಳಲ್ಲಿ ಹೋಲ್ಟರ್ ಶುದ್ಧ, ಟ್ರೆಡ್‌ಮಿಲ್ ಮೇಲೆ ಪೂರ್ತಿ ಓಡಿಸಿದರೂ ಲಯ ತಪ್ಪಲಿಲ್ಲ, ಎಂಆರ್‌ಐಯಲ್ಲಿ ಊತ ಹೋಗಿ ಸಣ್ಣ ಕಲೆಯಷ್ಟೇ ಉಳಿದಿತ್ತು. ಆಗ ಒಪ್ಪಿಗೆ ಸಿಕ್ಕಿತು. ಟ್ರೆಡ್‌ಮಿಲ್ ಪರೀಕ್ಷೆಯನ್ನು ಬೇಗ ಮಾಡಿಸಿಕೊಳ್ಳುವ ಆತುರ ಬೇಡ. ಉರಿಯೂತ ಹಸಿಯಿರುವಾಗ ಆ ಪರೀಕ್ಷೆಯೇ ಅಪಾಯ.

ಮರಳುವುದೂ ಮೆಟ್ಟಿಲು ಮೆಟ್ಟಿಲಾಗಿ. ಮೊದಲ ಎರಡು ವಾರ ಬಿರುಸು ನಡಿಗೆ, ಮತ್ತೆರಡು ವಾರ ನಿಧಾನ ಓಟ, ಆಮೇಲೆ ಸಣ್ಣ ಸ್ಪ್ರಿಂಟ್‌ಗಳು, ಅದಾದ ಮೇಲೆ ಕೋಣಗಳ ಜತೆ ಕರೆಯಲ್ಲಿ ಒಂದೊಂದೇ ಓಟ. ಯಾವ ಹಂತದಲ್ಲಾದರೂ ಎದೆ ಹಿಡಿದರೆ, ಡವಗುಟ್ಟಿದರೆ, ತಲೆ ತಿರುಗಿದರೆ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ನಾಡಿಯ ವೇಗ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ನಾಡಿ ಕಡಿಮೆಯಿದೆಯೆಂದು ಧೈರ್ಯ ತಾಳಬಾರದು, ಅದು ಮಾತ್ರೆಯ ಕೆಲಸ. ಕಲೆ ಉಳಿದವರಿಗೆ ಮುಂದೆಯೂ ವರ್ಷಕ್ಕೊಮ್ಮೆ ಹೋಲ್ಟರ್ ಮತ್ತು ಎಕೊ ಬೇಕಾಗುತ್ತದೆ. ಹೊಸದಾಗಿ ಜ್ವರ ಬಂದರೆ ಅದು ಪೂರ್ತಿ ಬಿಟ್ಟು, ಸುಸ್ತು ಹೋಗಿ, ವಿಶ್ರಾಂತಿಯ ನಾಡಿ ಮೊದಲಿನ ಲೆಕ್ಕಕ್ಕೆ ಬರುವವರೆಗೆ ಅಭ್ಯಾಸವಿಲ್ಲ.

ಜತೆಗಿರುವವರಿಗೂ ಒಂದು ಕೆಲಸವಿದೆ. ಓಡುತ್ತಿದ್ದವನು ಬಿದ್ದು, ಕರೆದರೆ ಓಗೊಡದೆ, ಉಸಿರಾಟ ನಿಂತಿದ್ದರೆ ಅಥವಾ ಗೊರಕೆಯಂತೆ ಬಿಟ್ಟುಬಿಟ್ಟು ಬರುತ್ತಿದ್ದರೆ ಮುಖಕ್ಕೆ ನೀರು ಚಿಮುಕಿಸುತ್ತಾ ಕೂರಬಾರದು. ನೀರಿನಿಂದ ಹೊರಗೆಳೆದು ಗಟ್ಟಿ ನೆಲದಲ್ಲಿ ಮಲಗಿಸಿ, ಒಬ್ಬರು 108ಕ್ಕೆ ಕರೆ ಮಾಡುವಾಗ ಇನ್ನೊಬ್ಬರು ಎದೆಯ ನಡುವೆ ಎರಡೂ ಅಂಗೈ ಇಟ್ಟು ಐದಾರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರಂತೆ ಒತ್ತಬೇಕು. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಲಿ. ಆಂಬುಲೆನ್ಸ್ ಬರುವವರೆಗೆ, ಅಥವಾ ಅವನು ಕೈಕಾಲು ಆಡಿಸುವವರೆಗೆ ನಿಲ್ಲಿಸಬಾರದು. ಕಂಬಳ ಸಮಿತಿಗಳು, ಕ್ರೀಡಾಕೂಟದ ಸಂಘಟಕರು ಇದನ್ನು ಬಲ್ಲ ನಾಲ್ಕು ಮಂದಿಯನ್ನು ಕರೆಯ ಎರಡೂ ತುದಿಯಲ್ಲಿ ನಿಲ್ಲಿಸಬೇಕು, ಎದೆಗೆ ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರ ಸಿಕ್ಕರೆ ಮಂಜೊಟ್ಟಿಯ ಹತ್ತಿರವೇ ಇಡಬೇಕು.